ಸಪೋರ್ಟ್ ತಂಡದ ನಾಲೆಜ್ ಬೇಸ್: ಯಾವ ಟೆಂಪ್ಲೇಟ್‌ಗೆ ಯಾವ ರಿವ್ಯೂ ಹೊಂದುತ್ತದೆ?

ಪಾಸ್‌ವರ್ಡ್ ಬದಲಿಸುವ ಮೇಲ್ ಬರ್ತಿಲ್ಲ ಎಂದು ಗ್ರಾಹಕರೊಬ್ಬರು ಬರೆಯುತ್ತಾರೆ. ಏಜೆಂಟ್ ನಾಲೆಜ್ ಬೇಸ್‌ನಲ್ಲಿ ಹುಡುಕುತ್ತಾರೆ, ಲೇಖನ ಸಿಗುತ್ತದೆ. "ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ, ಅಲ್ಲೂ ಇಲ್ಲದಿದ್ದರೆ ಮತ್ತೊಮ್ಮೆ ಮೇಲ್ ತರಿಸಿಕೊಳ್ಳಲು ಹೇಳಿ" ಎಂದು ಅದರಲ್ಲಿದೆ. ಏಜೆಂಟ್ ಅದನ್ನೇ ಕಳಿಸುತ್ತಾರೆ. ಮರುದಿನ ಅದೇ ಟಿಕೆಟ್ ಮತ್ತೆ ತೆರೆದುಕೊಳ್ಳುತ್ತದೆ. ಮೂರನೇ ದಿನವೂ ಅದೇ ಕಥೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ನಾಲೆಜ್ ಬೇಸ್‌ನಲ್ಲಿ ಹೀಗೇ ಆಯಿತು. ಆ ಲೇಖನದ ತಲೆಯ ಮೇಲಿದ್ದ ರಿವ್ಯೂ ದಿನಾಂಕಕ್ಕೆ ಆಗ ಬರೀ ಮೂರು ವಾರ. ಅಂದರೆ ಯಾರೋ ತೆರೆದು, ಓದಿ, ಸರಿಯಿದೆ ಎಂದು ಒತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ, ವಾಕ್ಯಗಳು ಚೆನ್ನಾಗಿಯೇ ಇದ್ದವು. ಆದರೆ ಅಷ್ಟರಲ್ಲಿ ನಾವು ಮೇಲ್ ಕಳಿಸುವ ಸೇವೆಯನ್ನು ಬದಲಿಸಿದ್ದೆವು. ಹೊಸ ಸೇವೆಯಲ್ಲಿ ಒಂದು ವಿಳಾಸಕ್ಕೆ ಹೋದ ಮೇಲ್ ಹಾರ್ಡ್ ಬೌನ್ಸ್ ಆಗಿ ವಾಪಸ್ ಬಂದರೆ ಆ ವಿಳಾಸ ಸಪ್ರೆಷನ್ ಲಿಸ್ಟ್ ಸೇರುತ್ತಿತ್ತು. ಆಮೇಲೆ ನೂರು ಸಲ ಒತ್ತಿದರೂ ಅಲ್ಲಿಗೆ ಮೇಲ್ ಹೋಗುವುದಿಲ್ಲ. ಗ್ರಾಹಕರು ಸ್ಪ್ಯಾಮ್ ಫೋಲ್ಡರ್‌ನಲ್ಲಿ ಹುಡುಕಿ ಏನು ಸಿಗಬೇಕು?

ಅವತ್ತಿನಿಂದ ನಾನು ಒಂದು ಮಾತನ್ನು ಬಲವಾಗಿ ನಂಬಿದ್ದೇನೆ. ಟೆಂಪ್ಲೇಟ್ ಹೇಗಿರಬೇಕು, ಎಷ್ಟು ದಿನಕ್ಕೊಮ್ಮೆ ರಿವ್ಯೂ ಆಗಬೇಕು ಎನ್ನುವ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮೀಟಿಂಗ್‌ನಲ್ಲಿ ತೀರ್ಮಾನಿಸಬಾರದು. ಯಾವ ಲೇಖನವಾದರೂ ಮೊದಲು ಕೇಳಬೇಕಾದ್ದು ಇದು: ಇದು ಯಾವ ಕಾರಣಕ್ಕೆ ಹಳೆಯದಾಗುತ್ತದೆ? ಆ ಕಾರಣ ಟೆಂಪ್ಲೇಟ್‌ನಲ್ಲೇ ಕಾಣಿಸಬೇಕು, ರಿವ್ಯೂ ಅದನ್ನು ಹಿಡಿದು ಹೋಗಬೇಕು. ಕೆಳಗಿನ ಹೋಲಿಕೆಯನ್ನು ಇದೇ ಅಳತೆಗೋಲಿನಿಂದ ಮಾಡಿದ್ದೇನೆ.

ಟೆಂಪ್ಲೇಟ್: ಒಂದೇ ದೊಡ್ಡದಾ, ಒಂದೇ ಚಿಕ್ಕದಾ, ಮೂರು ಬಗೆಯದಾ?

ಎಲ್ಲದಕ್ಕೂ ಒಂದೇ ದೊಡ್ಡ ಟೆಂಪ್ಲೇಟ್ ಮಾಡುವ ಆಸೆ ಬಹಳ ತಂಡಗಳಿಗೆ ಇರುತ್ತದೆ. ಉದ್ದೇಶ, ವ್ಯಾಪ್ತಿ, ಹಿನ್ನೆಲೆ, ಬೇಕಾದ ಅನುಮತಿಗಳು, ಹಂತಗಳು, ಸ್ಕ್ರೀನ್‌ಶಾಟ್, ಎಸ್ಕಲೇಷನ್ ಎಂದು ಹನ್ನೆರಡು ಹದಿಮೂರು ಖಾನೆಗಳು. ನೋಡಲು ಶಿಸ್ತಾಗಿದೆ. ಆದರೆ ಬರೆಯುವವರು ಏಜೆಂಟ್‌ಗಳು. ಅವರ ಎದುರಿಗೆ ಟಿಕೆಟ್‌ಗಳ ಸಾಲು ಕಾಯುತ್ತಿರುತ್ತದೆ. ಎರಡು ತಿಂಗಳು ಬಿಟ್ಟು ಯಾವುದಾದರೂ ಹತ್ತು ಲೇಖನ ತೆರೆದು ನೋಡಿ. "ಅನ್ವಯಿಸುವುದಿಲ್ಲ" ಅಥವಾ "ಮೇಲೆ ಹೇಳಿದಂತೆ" ಎಂಬುದು ಅರ್ಧಕ್ಕಿಂತ ಹೆಚ್ಚು ಖಾನೆಗಳಲ್ಲಿದ್ದರೆ ಟೆಂಪ್ಲೇಟ್ ಸೋತಿದೆ ಎಂದೇ ಲೆಕ್ಕ. ಇನ್ನೂ ದೊಡ್ಡ ತೊಂದರೆ ಅಂದರೆ, ಬೇಕಾದ ಉತ್ತರಕ್ಕೆ ಓದುವವರು ಎರಡು ಪರದೆ ಕೆಳಗೆ ಹೋಗಬೇಕಾಗುತ್ತದೆ. ಕರೆಯಲ್ಲಿ ಗ್ರಾಹಕರನ್ನು ಕಾಯಿಸಿಕೊಂಡು ಅದನ್ನು ಯಾರೂ ಮಾಡುವುದಿಲ್ಲ. ಪಕ್ಕದಲ್ಲಿ ಕೂತವರನ್ನು ಕೇಳಿಬಿಡುತ್ತಾರೆ.

ಎರಡನೆಯದು ಒಂದೇ ಚಿಕ್ಕ ಟೆಂಪ್ಲೇಟ್. ಕೆಸಿಎಸ್ ಎಂಬ ಪದ್ಧತಿ ಕೇಳಿರಬಹುದು. 1992ರಿಂದ ಸಪೋರ್ಟ್ ಕ್ಷೇತ್ರದವರೇ ಒಟ್ಟುಗೂಡಿ ಬೆಳೆಸಿಕೊಂಡು ಬಂದದ್ದು ಅದು. ಅದರ ಲೇಖನದಲ್ಲಿ ಮುಖ್ಯವಾಗಿ ನಾಲ್ಕೇ ಭಾಗ: ಸಮಸ್ಯೆ, ಪರಿಸರ, ಪರಿಹಾರ, ಕಾರಣ. ಪರಿಸರ ಅಂದರೆ ಯಾವ ಪ್ರಾಡಕ್ಟ್, ಯಾವ ಆವೃತ್ತಿ, ವೆಬ್ಬಾ ಮೊಬೈಲಾ, ಈಚೆಗೆ ಏನಾದರೂ ಬದಲಾಗಿದೆಯಾ ಎನ್ನುವುದು. ಟಿಕೆಟ್ ನೋಡುತ್ತಲೇ ಐದು ನಿಮಿಷದಲ್ಲಿ ಬರೆದು ಮುಗಿಸಬಹುದು, ಅದೇ ಇದರ ದೊಡ್ಡ ಗುಣ. ಏನೋ ಕೆಟ್ಟಿದೆ, ಸರಿಮಾಡಬೇಕು ಎನ್ನುವಂಥ ಲೇಖನಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಎಲ್ಲ ಲೇಖನವೂ ಕೆಟ್ಟದ್ದನ್ನು ಸರಿಮಾಡುವುದಲ್ಲ ಅಲ್ವಾ. ಖಾತೆಯ ಮಾಲೀಕರನ್ನು ಬದಲಿಸುವ ವಿಧಾನಕ್ಕೆ ಸಮಸ್ಯೆಯೂ ಇಲ್ಲ, ಕಾರಣವೂ ಇಲ್ಲ. ಹಣ ವಾಪಸ್ ಕೊಡುವ ನಿಯಮವನ್ನು ಈ ನಾಲ್ಕು ಖಾನೆಗೆ ತುರುಕಿದರೆ ನಿಯಮ ಯಾವುದು, ಉದಾಹರಣೆ ಯಾವುದು ಎಂದೇ ತಿಳಿಯುವುದಿಲ್ಲ.

ಆದ್ದರಿಂದ ಐವತ್ತು ಲೇಖನ ದಾಟಿದ ತಂಡಕ್ಕೆ ನಾನು ಹೇಳುವುದು ಮೂರು ಬಗೆ. ಮೊದಲನೆಯದು ದೋಷದ ಲೇಖನ, ಮೇಲಿನ ನಾಲ್ಕು ಭಾಗಗಳದ್ದು. ಎರಡನೆಯದು ವಿಧಾನದ ಲೇಖನ: ಯಾರು ಮಾಡಬಹುದು, ಶುರುಮಾಡುವ ಮೊದಲು ಏನನ್ನು ಖಚಿತ ಮಾಡಿಕೊಳ್ಳಬೇಕು, ಹಂತಗಳು, ಕೆಲಸ ಆಯಿತೆಂದು ಗೊತ್ತಾಗುವುದು ಹೇಗೆ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಮೂರನೆಯದು ನಿಯಮದ ಲೇಖನ: ನಿಯಮ ಏನು, ಯಾವತ್ತಿನಿಂದ ಜಾರಿಯಲ್ಲಿದೆ, ವಿನಾಯಿತಿ ಯಾರು ಕೊಡಬಹುದು, ಗ್ರಾಹಕರಿಗೆ ಯಾವ ಮಾತಿನಲ್ಲಿ ಹೇಳಬೇಕು. ಇನ್ನೂ ಬಗೆಗಳು ಬೇಕೆಂದು ಅನ್ನಿಸುತ್ತದೆ. ಆರೇಳು ಮಾಡಿದರೆ ಬರೆಯುವವರು ಯಾವುದನ್ನು ಆರಿಸಲಿ ಎಂದೇ ಯೋಚಿಸುತ್ತಾ ಕೂರುತ್ತಾರೆ. ಮೂರೇ ಸಾಕು.

ಮೂರನ್ನೇ ಯಾಕೆ ಆರಿಸಿದೆ ಅಂದರೆ, ಇವು ಹಳೆಯದಾಗುವ ದಾರಿ ಬೇರೆ ಬೇರೆ. ದೋಷದ ಲೇಖನ ಒಳಗಿನ ಸಿಸ್ಟಮ್ ಬದಲಾದಾಗ ಸುಳ್ಳಾಗುತ್ತದೆ. ವಿಧಾನದ ಲೇಖನ ಪರದೆ ಬದಲಾದಾಗ ದಾರಿ ತಪ್ಪಿಸುತ್ತದೆ. ನಿಯಮದ ಲೇಖನವನ್ನು ಸುಳ್ಳು ಮಾಡುವುದು ಬೇರೆ ಇಲಾಖೆಯ ಒಂದು ತೀರ್ಮಾನ, ಅದು ಸಪೋರ್ಟ್ ತಂಡದ ಕಿವಿಗೆ ಬೀಳದೆಯೂ ಹೋಗಬಹುದು.

ಅದೇ ಲೇಖನವನ್ನು ಮತ್ತೆ ಬರೆದಾಗ

ಮೇಲ್ ಬರದ ಆ ಲೇಖನವನ್ನೇ ತೆಗೆದುಕೊಳ್ಳೋಣ. ಹಳೆಯ ತಲೆಬರಹ "ಮೇಲ್ ಡೆಲಿವರಿ ದೋಷಗಳು" ಎಂದಿತ್ತು. ಗ್ರಾಹಕರು ಹಾಗೆ ಮಾತಾಡುವುದಿಲ್ಲ, ಟಿಕೆಟ್ ಓದುತ್ತಾ ಹುಡುಕುವ ಏಜೆಂಟ್ ಕೂಡ ಹಾಗೆ ಟೈಪ್ ಮಾಡುವುದಿಲ್ಲ. ಹೊಸ ತಲೆಬರಹ "ಪಾಸ್‌ವರ್ಡ್ ಬದಲಿಸುವ ಮೇಲ್ ಬರುತ್ತಿಲ್ಲ". ಸಮಸ್ಯೆಯ ಭಾಗದಲ್ಲಿ ಗ್ರಾಹಕರ ಬಾಯಿಮಾತನ್ನೇ ಎರಡು ಮೂರು ಬಗೆಯಲ್ಲಿ ಇಟ್ಟೆವು: ಲಿಂಕ್ ಬಂದಿಲ್ಲ, ರಿಸೆಟ್ ಮೇಲ್ ಸಿಗುತ್ತಿಲ್ಲ, ಎಷ್ಟು ಸಲ ಒತ್ತಿದರೂ ಮೇಲ್ ಇಲ್ಲ. ಹುಡುಕಾಟಕ್ಕೆ ಸಿಗುವುದು ಈ ಮಾತುಗಳೇ.

ಪರಿಸರದ ಭಾಗದಲ್ಲಿ ಮೊದಲು ಬರೀ "ವೆಬ್ ಮತ್ತು ಮೊಬೈಲ್" ಎಂದಿತ್ತು. ಅದರಿಂದ ಯಾರಿಗೂ ಉಪಯೋಗವಿಲ್ಲ. ಹೊಸದರಲ್ಲಿ ಎರಡು ವಿಷಯ ಸೇರಿಸಿದೆವು. ಒಂದು, ಇದು ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಖಾತೆಗಳಿಗೆ ಮಾತ್ರ. ತಮ್ಮ ಕಂಪನಿಯ ಎಸ್‌ಎಸ್‌ಒ ಮೂಲಕ ಬರುವವರ ಪಾಸ್‌ವರ್ಡ್ ನಮ್ಮ ಬಳಿ ಇರುವುದೇ ಇಲ್ಲ, ಅವರಿಗೆ ಈ ಮೇಲ್ ಹೋಗುವುದೂ ಇಲ್ಲ. ಇಂಥವರನ್ನು ಸ್ಪ್ಯಾಮ್ ನೋಡಿ ಎಂದು ದಿನಗಟ್ಟಲೆ ಓಡಾಡಿಸಿದ್ದೆವು. ಇನ್ನೊಂದು, ಈ ಲೇಖನ ಯಾವ ಒಳಗಿನ ಸೇವೆಯನ್ನು ಅವಲಂಬಿಸಿದೆ ಎನ್ನುವುದು. ಅದನ್ನು ಪುಟಕ್ಕೆ ಲೇಬಲ್ ಆಗಿಯೂ ಹಾಕಿದೆವು. ಇದರ ಬೆಲೆ ರಿವ್ಯೂ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಪರಿಹಾರವನ್ನು ಮೊದಲು ಯಾವುದನ್ನು ನೋಡಿದರೆ ಬೇಗ ಮುಗಿಯುತ್ತದೆ ಎಂಬ ಕ್ರಮದಲ್ಲಿ ಬರೆದೆವು. ಖಾತೆ ಯಾವ ಬಗೆಯದು ನೋಡಿ, ಎಸ್‌ಎಸ್‌ಒ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಅವರ ಕಂಪನಿಯ ಐಟಿಯವರ ಬಳಿ ಕಳಿಸಿ. ಅಲ್ಲದಿದ್ದರೆ ವಿಳಾಸ ಸಪ್ರೆಷನ್ ಲಿಸ್ಟ್‌ನಲ್ಲಿದೆಯಾ ನೋಡಿ. ಇದ್ದರೆ ವಿಳಾಸ ಈಗ ಚಾಲ್ತಿಯಲ್ಲಿದೆ ಎಂದು ಗ್ರಾಹಕರಿಂದ ಖಚಿತ ಮಾಡಿಕೊಂಡು ಅಲ್ಲಿಂದ ತೆಗೆಸಿ, ಹೊಸ ಮೇಲ್ ಕಳಿಸಿ. ಲಿಸ್ಟ್‌ನಲ್ಲಿ ಇಲ್ಲದಿದ್ದರೆ ಮಾತ್ರ ಸ್ಪ್ಯಾಮ್ ಫೋಲ್ಡರ್ ಮಾತು. ಒಂದಕ್ಕಿಂತ ಜಾಸ್ತಿ ಸಲ ಒತ್ತಿದ್ದರೆ ಕೊನೆಯ ಮೇಲ್‌ನ ಲಿಂಕ್ ಮಾತ್ರ ಕೆಲಸ ಮಾಡುತ್ತದೆ, ಹಳೆಯವು ರದ್ದಾಗಿರುತ್ತವೆ ಎಂದೂ ಸೇರಿಸಿದೆವು. ಕಾರಣದ ಭಾಗ ಎರಡೇ ಸಾಲು. ಒಟ್ಟು ಲೇಖನ ಒಂದು ಪರದೆಯೊಳಗೆ ಮುಗಿಯಿತು.

ರಿವ್ಯೂ: ಮೂರು ದಾರಿ, ಮೂರರಲ್ಲೂ ಒಂದೊಂದು ತೂತು

ಮೊದಲ ದಾರಿ ಕ್ಯಾಲೆಂಡರ್. ಪ್ರತಿ ಲೇಖನವನ್ನೂ ಇಂತಿಷ್ಟು ದಿನಕ್ಕೊಮ್ಮೆ ನೋಡುವುದು. ಹೇಳಲು ಸುಲಭ, ಯಾವ ಲೇಖನವೂ ತಪ್ಪಿಹೋಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 600 ಲೇಖನ, 90 ದಿನಕ್ಕೊಮ್ಮೆ, ಒಂದಕ್ಕೆ 15 ನಿಮಿಷ ಎಂದರೂ ಒಂದು ಸುತ್ತಿಗೆ 150 ಗಂಟೆ, ವರ್ಷಕ್ಕೆ 600 ಗಂಟೆ. ಟಿಕೆಟ್ ನೋಡುವ ಜನ ಇದನ್ನು ಎಲ್ಲಿಂದ ತರಬೇಕು? ತರುವುದಿಲ್ಲ. ಗಡುವು ಬಂದ ದಿನ ಸಂಜೆ ಕೂತು ಒಂದಾದ ಮೇಲೊಂದು ಒತ್ತುತ್ತಾ ಹೋಗುತ್ತಾರೆ. ಹಿಸ್ಟರಿ ತೆಗೆದರೆ ಇದು ಎದ್ದು ಕಾಣುತ್ತದೆ. ಒಬ್ಬರ ಹೆಸರಿನಲ್ಲಿ ಅರ್ಧ ಗಂಟೆಯೊಳಗೆ ಮೂವತ್ತು ಲೇಖನ ಪಾಸಾಗಿರುತ್ತವೆ, ಒಂದರಲ್ಲೂ ಒಂದಕ್ಷರ ಬದಲಾಗಿರುವುದಿಲ್ಲ. ನಮ್ಮ ಮೇಲ್ ಲೇಖನಕ್ಕೆ ಮೂರು ವಾರದ ಹಿಂದೆ ಬಿದ್ದ ಮುದ್ರೆಯೂ ಇಂಥದ್ದೇ. ರಿವ್ಯೂ ಆಗದ ಲೇಖನಕ್ಕಿಂತ ಹೀಗೆ ಮುದ್ರೆ ಬಿದ್ದ ಲೇಖನ ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಹೊಸ ಏಜೆಂಟ್ ಆ ದಿನಾಂಕ ನೋಡಿ ಅನುಮಾನವೇ ಪಡುವುದಿಲ್ಲ.

ಎರಡನೇ ದಾರಿ ಬಳಕೆ. ಲೇಖನವನ್ನು ಬಳಸಿದವರೇ ಅದರ ರಿವ್ಯೂ ಮಾಡಿದವರು ಎನ್ನುವುದು ಕೆಸಿಎಸ್‌ನ ಮುಖ್ಯ ಯೋಚನೆ. ಟಿಕೆಟ್ ಮುಗಿಸುವಾಗ ಯಾವ ಲೇಖನದಿಂದ ಪರಿಹಾರ ಸಿಕ್ಕಿತೋ ಅದನ್ನು ಟಿಕೆಟ್‌ಗೆ ಜೋಡಿಸಬೇಕು. ತಪ್ಪು ಕಂಡರೆ ಅಲ್ಲೇ ತಿದ್ದಬೇಕು, ತಿದ್ದುವ ಹಕ್ಕಿಲ್ಲದಿದ್ದರೆ ಗುರುತು ಹಾಕಬೇಕು. ಇದಕ್ಕೆ ಬೇರೆ ಸಮಯವೇ ಬೇಡ, ಜಾಸ್ತಿ ಬಳಕೆಯ ಲೇಖನ ತಾನಾಗಿಯೇ ಜಾಸ್ತಿ ಸಲ ಪರೀಕ್ಷೆಗೆ ಒಳಗಾಗುತ್ತದೆ. ಎಲ್ಲಿ ಕೈಕೊಡುತ್ತದೆ? ಅಪರೂಪದ ಲೇಖನಗಳಲ್ಲಿ. ಗ್ರಾಹಕರ ಖಾತೆ ಬೇರೆಯವರ ಕೈಗೆ ಹೋದರೆ ಏನು ಮಾಡಬೇಕು, ಡೇಟಾ ಅಳಿಸಿಹೋದರೆ ಯಾರಿಗೆ ಎಷ್ಟು ಹೊತ್ತಿನಲ್ಲಿ ತಿಳಿಸಬೇಕು. ಇಂಥದ್ದನ್ನು ವರ್ಷಕ್ಕೆ ಒಂದು ಸಲ ಯಾರೋ ತೆರೆಯುತ್ತಾರೆ, ಆ ಒಂದು ಸಲ ಅದು ಸರಿಯಾಗಿಯೇ ಇರಬೇಕು. ಬಳಸಿದ ಮೇಲೆ ತಪ್ಪು ಗೊತ್ತಾಗುವುದು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ. ಗುರುತು ಹಾಕಿದ್ದಕ್ಕೆ ಉತ್ತರ ಬರದಿದ್ದರೆ ಜನ ಗುರುತು ಹಾಕುವುದನ್ನು ನಿಲ್ಲಿಸಿಬಿಡುತ್ತಾರೆ. ಮೂರು ಕೆಲಸದ ದಿನದೊಳಗೆ ಒಂದೋ ತಿದ್ದಿ, ಇಲ್ಲವೇ ಯಾಕೆ ತಿದ್ದುತ್ತಿಲ್ಲ ಎಂದು ಒಂದು ಸಾಲು ಬರೆಯಿರಿ. ಗುರುತುಗಳು ದಿಢೀರ್ ಕಡಿಮೆಯಾದರೆ ಲೇಖನಗಳು ಸುಧಾರಿಸಿವೆ ಎಂದು ಖುಷಿಪಡಬೇಡಿ. ಏಜೆಂಟ್‌ಗಳು ತಮ್ಮದೇ ನೋಟ್ಸ್ ಫೈಲ್ ಇಟ್ಟುಕೊಳ್ಳಲು ಶುರುಮಾಡಿದ್ದಾರಾ ಎಂದು ಮೊದಲು ವಿಚಾರಿಸಿ.

ಮೂರನೇ ದಾರಿ ಬದಲಾವಣೆ. ಪ್ರಾಡಕ್ಟ್‌ನಲ್ಲಿ ಏನಾದರೂ ಬದಲಾದಾಗ ಅದಕ್ಕೆ ಸಂಬಂಧಪಟ್ಟ ಲೇಖನಗಳನ್ನು ಮಾತ್ರ ನೋಡುವುದು. ಪರಿಸರದ ಭಾಗಕ್ಕೆ ಹಾಕಿದ ಲೇಬಲ್ ಕೆಲಸಕ್ಕೆ ಬರುವುದು ಇಲ್ಲೇ. ಕಾನ್‌ಫ್ಲುಯೆನ್ಸ್ ಬಳಸುವವರು, ಮೇಲ್ ಸೇವೆ ಬದಲಾಗಿ ನಾಲ್ಕು ವಾರ ಆಯಿತು ಎಂದಿಟ್ಟುಕೊಂಡರೆ, ಹೀಗೆ ಹುಡುಕಬಹುದು:

```
type = page and label = "svc-mail" and lastmodified < now("-4w")
```

ಈ ಸೇವೆಯನ್ನು ನಂಬಿಕೊಂಡಿದ್ದು, ಬದಲಾವಣೆಯ ನಂತರ ಯಾರೂ ಮುಟ್ಟದ ಪುಟಗಳೆಲ್ಲ ಬರುತ್ತವೆ. ಒಂದು ಎಚ್ಚರ ಇರಲಿ. ಕಾಗುಣಿತ ತಿದ್ದಿದರೂ `lastmodified` ಬದಲಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಇಲ್ಲದ ಪುಟ ಸರಿಯಾಗಿದೆ ಎಂದು ಅರ್ಥವಲ್ಲ. ಬದಲಾವಣೆ ದೊಡ್ಡದಾಗಿದ್ದರೆ ಕೊನೆಯ ಷರತ್ತನ್ನು ತೆಗೆದು ಲೇಬಲ್ ಇರುವ ಎಲ್ಲವನ್ನೂ ನೋಡಿ. ಲೇಬಲ್ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿ, ಅದರಿಂದಲೇ ಆರಿಸಬೇಕು ಎಂದು ನಿಯಮ ಮಾಡಿ. ಒಬ್ಬರು `svc-mail`, ಇನ್ನೊಬ್ಬರು `email` ಎಂದು ಹಾಕಿದರೆ ಅರ್ಧ ಲೇಖನ ಕಣ್ಣಿಗೇ ಬೀಳುವುದಿಲ್ಲ.

ಈ ದಾರಿಯ ತೂತು ಒಂದೇ, ಆದರೆ ದೊಡ್ಡದು. ಬದಲಾವಣೆಯ ಸುದ್ದಿ ನಿಮಗೆ ಬರಬೇಕು. ಬಿಡುಗಡೆಯ ಟಿಪ್ಪಣಿಗಳಲ್ಲಿ ಹೊಸ ಫೀಚರ್ ಇರುತ್ತದೆ, ಮೇಲ್ ಸೇವೆ ಬದಲಿಸಿದ ಮಾತು ಎಷ್ಟೋ ಸಲ ಇರುವುದಿಲ್ಲ. ಗ್ರಾಹಕರಿಗೆ ಕಾಣದ ಕೆಲಸ, ಹೇಳುವುದೇನಿದೆ ಎಂದು ಎಂಜಿನಿಯರ್‌ಗಳು ಅಂದುಕೊಳ್ಳುತ್ತಾರೆ. ನಾವು ಕಂಡುಕೊಂಡ ದಾರಿ ಏನೆಂದರೆ, ಅವರ ಬಿಡುಗಡೆಯ ಚೆಕ್‌ಲಿಸ್ಟ್‌ಗೆ ಒಂದೇ ಒಂದು ಪ್ರಶ್ನೆ ಸೇರಿಸಿದೆವು: ಈ ಪಟ್ಟಿಯ ಯಾವ ಸೇವೆಯನ್ನು ಮುಟ್ಟಿದ್ದೀರಿ? ಪಟ್ಟಿ ಅಂದರೆ ನಮ್ಮ ಲೇಬಲ್‌ಗಳದ್ದೇ. ಲೇಖನಗಳನ್ನು ಓದಿ ಎಂದು ಅವರನ್ನು ಕೇಳಲಿಲ್ಲ. ಒಂದು ಗುರುತು ಹಾಕಿದರೆ ಸಾಕು, ಮಿಕ್ಕಿದ್ದು ನಮ್ಮ ಕೆಲಸ ಎಂದೆವು. ಆಮೇಲೆ ಸುದ್ದಿ ಬರತೊಡಗಿತು.

ಯಾವುದಕ್ಕೆ ಯಾವುದು

ಈಗ ಎರಡನ್ನೂ ಸೇರಿಸಿ ನೋಡೋಣ. ದೋಷದ ಲೇಖನಗಳಿಗೆ ಬಳಕೆಯ ರಿವ್ಯೂ ಮೊದಲು, ಅದರ ಹಿಂದೆ ಬದಲಾವಣೆಯ ರಿವ್ಯೂ. ಕ್ಯಾಲೆಂಡರ್ ಬೇಡ. ವರ್ಷವಿಡೀ ಒಂದು ಟಿಕೆಟ್‌ಗೂ ಜೋಡಣೆಯಾಗದ ದೋಷದ ಲೇಖನವನ್ನು ಆರ್ಕೈವ್ ಮಾಡಿ. ಅಳಿಸಬೇಡಿ, ಹಳೆಯ ಟಿಕೆಟ್‌ಗಳಲ್ಲಿ ಅದರ ಲಿಂಕ್ ಇರುತ್ತದೆ.

ವಿಧಾನದ ಲೇಖನಗಳಿಗೆ ಬದಲಾವಣೆಯ ರಿವ್ಯೂ ಮತ್ತು ವರ್ಷಕ್ಕೊಮ್ಮೆ ಕ್ಯಾಲೆಂಡರ್. ಆದರೆ ಆ ವರ್ಷದ ರಿವ್ಯೂ ಓದುವುದಲ್ಲ, ಮಾಡಿ ನೋಡುವುದು. ಟೆಸ್ಟ್ ಖಾತೆಯಲ್ಲಿ ಬರೆದಂತೆಯೇ ಒಂದೊಂದು ಹಂತ ಒತ್ತುತ್ತಾ ಹೋಗಬೇಕು. ತಂಡಕ್ಕೆ ಹೊಸದಾಗಿ ಬಂದವರು ಇದನ್ನು ಮಾಡಿದರೆ ಬಹಳ ಒಳ್ಳೆಯದು. ಹಳಬರ ಕೈ ಬರೆಯದ ಹಂತವನ್ನೂ ತಾನಾಗಿ ಮಾಡಿಬಿಡುತ್ತದೆ, ಹೊಸಬರು ಅಲ್ಲಿ ನಿಂತು ಕೇಳುತ್ತಾರೆ.

ನಿಯಮದ ಲೇಖನಗಳಿಗೆ, ಜೊತೆಗೆ ಅಪರೂಪದ ಆದರೆ ಅಪಾಯದ ಲೇಖನಗಳಿಗೆ, 90 ದಿನದ ಕ್ಯಾಲೆಂಡರ್ ಬೇಕೇ ಬೇಕು. ರಿವ್ಯೂ ಮಾಡುವವರು ಸಪೋರ್ಟ್‌ನವರಲ್ಲ, ಆ ನಿಯಮ ಮಾಡಿದ ಇಲಾಖೆಯವರು. ಅವರಿಗೆ ಲೇಖನ ಕಳಿಸಿ "ಸರಿಯಿದೆಯಾ" ಎಂದು ಕೇಳಬೇಡಿ, ಹೂಂ ಎಂದುಬಿಡುತ್ತಾರೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ: ಹಣ ವಾಪಸ್ ಕೇಳಲು ಈಗ ಎಷ್ಟು ದಿನದ ಗಡುವು? ಮ್ಯಾನೇಜರ್ ಒಪ್ಪಿಗೆ ಇಲ್ಲದೆ ಏಜೆಂಟ್ ಎಷ್ಟರವರೆಗೆ ವಾಪಸ್ ಕೊಡಬಹುದು? ಬಂದ ಉತ್ತರವನ್ನು ಲೇಖನದ ಪಕ್ಕ ಇಟ್ಟು ನೋಡಿ.

ಅದೇ 600 ಲೇಖನಕ್ಕೆ ಈಗ ಲೆಕ್ಕ ಹಾಕೋಣ. 40 ನಿಯಮ ಮತ್ತು ಅಪಾಯದ ಲೇಖನಗಳು, ವರ್ಷಕ್ಕೆ ನಾಲ್ಕು ಸಲ, 15 ನಿಮಿಷ: 40 ಗಂಟೆ. 120 ವಿಧಾನದ ಲೇಖನಗಳು, ವರ್ಷಕ್ಕೊಮ್ಮೆ, ಮಾಡಿ ನೋಡಬೇಕಾದ್ದರಿಂದ ತಲಾ ಅರ್ಧ ಗಂಟೆ: 60 ಗಂಟೆ. ಉಳಿದ 440 ದಿನದ ಕೆಲಸದಲ್ಲೇ ನಡೆಯುತ್ತವೆ. 600 ಗಂಟೆಯ ಜಾಗದಲ್ಲಿ 100 ಗಂಟೆ, ಮೇಲೆ ಬದಲಾವಣೆ ಆದಾಗಿನ ಕೆಲಸ. ಆ 100 ಗಂಟೆಯನ್ನು ನಿಜವಾಗಿ ಕೊಡಬಹುದು, ಶಿಫ್ಟ್ ಪಟ್ಟಿಯಲ್ಲೇ ಬರೆದಿಡಬಹುದು.

ಕ್ಯಾಲೆಂಡರ್‌ಗಾಗಿ ಟೂಲ್‌ನ ಗಡುವು ದಿನಾಂಕ ಬಳಸುವ ಮೊದಲು ಒಂದನ್ನು ಪರೀಕ್ಷಿಸಿ: ಗಡುವು ಮೀರಿದರೆ ಲೇಖನಕ್ಕೆ ಏನಾಗುತ್ತದೆ? ಉದಾಹರಣೆಗೆ ಸರ್ವಿಸ್‌ನೌನಲ್ಲಿ `Valid to` ದಿನಾಂಕ ದಾಟಿದ ಲೇಖನ ಹುಡುಕಾಟದಲ್ಲಿ ಬರುವುದು ನಿಲ್ಲುತ್ತದೆ. ನಿಯಮದ ಲೇಖನಕ್ಕೆ ಇದು ಒಳ್ಳೆಯದೇ ಇರಬಹುದು. ಖಾತೆ ಕಳವಾದಾಗ ನೋಡುವ ಲೇಖನ ಹಾಗೆ ಮಾಯವಾದರೆ ದೊಡ್ಡ ಪಜೀತಿ.

ಪ್ರಕಟಿಸುವ ಮೊದಲು ಒಪ್ಪಿಗೆ ಬೇಕಾ?

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಐದಾರು ಜನರ ತಂಡಕ್ಕೆ ಬೇಡ. ಬರೆದವರು ಪ್ರಕಟಿಸಲಿ, ಬಳಸಿದವರು ತಿದ್ದಲಿ. ದೊಡ್ಡ ತಂಡದಲ್ಲಿ ದೋಷದ ಲೇಖನವನ್ನು ಕರಡು ಎಂಬ ಗುರುತಿನೊಂದಿಗೆ ತಕ್ಷಣ ಎಲ್ಲರಿಗೂ ಕಾಣಿಸಿ, ಇನ್ನೊಬ್ಬರು ಬಳಸಿ ಸರಿಯೆಂದಾಗ ಗುರುತು ತೆಗೆಯಿರಿ. ಒಪ್ಪಿಗೆಗೆ ಕಾಯಿಸಿದರೆ ಅದು ಬೇಕಾಗಿದ್ದ ವಾರವೇ ಕಳೆದುಹೋಗುತ್ತದೆ. ನಿಯಮದ ಲೇಖನಕ್ಕೆ ಮಾತ್ರ ಒಪ್ಪಿಗೆ ಸಿಗುವವರೆಗೆ ಕಾಯಿರಿ. ಮಾಲೀಕರ ಖಾನೆಯಲ್ಲಿ ವ್ಯಕ್ತಿಯ ಹೆಸರಿಗಿಂತ ಹುದ್ದೆಯೋ ಸರದಿಯೋ ಇರಲಿ. ವ್ಯಕ್ತಿ ಕೆಲಸ ಬಿಟ್ಟ ದಿನ ಅವರ ಹೆಸರಿನ ಅಷ್ಟೂ ಲೇಖನಗಳು ಅನಾಥವಾಗುತ್ತವೆ, ರಿವ್ಯೂ ನೆನಪಿನ ಮೇಲ್ ಮುಚ್ಚಿದ ವಿಳಾಸಕ್ಕೆ ಹೋಗುತ್ತಿರುತ್ತದೆ.

ಈಗಾಗಲೇ ನೂರಾರು ಲೇಖನ ಇರುವವರು ಎಲ್ಲವನ್ನೂ ಹೊಸ ಟೆಂಪ್ಲೇಟ್‌ಗೆ ಒಟ್ಟಿಗೆ ಹಾಕಲು ಹೋಗಬೇಡಿ. ಕಳೆದ ಮೂರು ತಿಂಗಳಲ್ಲಿ ಲೇಖನ ಜೋಡಿಸಿ ಮುಚ್ಚಿದ, ಆದರೆ ಮತ್ತೆ ತೆರೆದುಕೊಂಡ ಟಿಕೆಟ್‌ಗಳನ್ನು ತೆಗೆಯಿರಿ. ಯಾವ ಲೇಖನಗಳ ಹೆಸರು ಮತ್ತೆ ಮತ್ತೆ ಬರುತ್ತದೋ ಎಣಿಸಿ, ಮೇಲಿನ ಇಪ್ಪತ್ತನ್ನು ಆರಿಸಿ. ಒಂದೊಂದಕ್ಕೂ ಬಗೆ ಯಾವುದೆಂದು ಗೊತ್ತುಮಾಡಿ, ಯಾವ ಸೇವೆಯ ಮೇಲೆ ನಿಂತಿದೆ ಎಂದು ಲೇಬಲ್ ಹಾಕಿ, ಮತ್ತೆ ಬರೆಯಿರಿ. ಉಳಿದವನ್ನು ಯಾರಾದರೂ ಬಳಸಿದ ದಿನ, ಬಳಸಿದವರೇ ಹೊಸ ಟೆಂಪ್ಲೇಟ್‌ಗೆ ತರಲಿ. ನಮ್ಮ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಇದ್ದದ್ದು ಆ ಮೇಲ್ ಬರದ ಲೇಖನವೇ.